ಅಪೀಲಿಗೆ ಮೊದಲು ಚೀಲ ಬಿಚ್ಚಿ ನೋಡಿದ್ದು

ಹೋದ ವರ್ಷ ದಸರಾಕ್ಕೆ ಇನ್ನೂ ಮೂರು ವಾರವಿತ್ತು. ಬೆಳಿಗ್ಗೆ ಆರೂವರೆಗೆ ಹಾಲಿಗೆ ನೀರು ಬೆರೆಸುತ್ತಾ ಅಭ್ಯಾಸದಂತೆ ಫೋನ್ ತೆಗೆದು, ಆನ್‌ಲೈನ್ ಮಾರುಕಟ್ಟೆಯಲ್ಲಿ ನಾನು ಮಾರುತ್ತಿದ್ದ ಚನ್ನಪಟ್ಟಣದ ಮರದ ಆಟಿಕೆಗಳ ಆರ್ಡರ್ ನೋಡಲು ಹೋದೆ. ಆರ್ಡರ್ ಪುಟ ತೆರೆಯಲಿಲ್ಲ. ಅದರ ಜಾಗದಲ್ಲಿ ಕೆಂಪು ಪಟ್ಟಿಯೊಂದು ಬಂದಿತ್ತು: ನಿಮ್ಮ ಮಾರಾಟದ ಖಾತೆಯನ್ನು ಅಮಾನತುಗೊಳಿಸಲಾಗಿದೆ, ಬಾಕಿ ಹಣವನ್ನು ತಡೆಹಿಡಿಯಲಾಗಿದೆ, ಅಪೀಲು ಸಲ್ಲಿಸಬಹುದು. ನಡುಮನೆಯಲ್ಲಿ ಹಿಂದಿನ ರಾತ್ರಿ ಕಟ್ಟಿಟ್ಟ ಹದಿನೇಳು ಪಾರ್ಸೆಲ್ ಇದ್ದವು. ಪಕ್ಕದಲ್ಲಿ ಆಟಿಕೆ ಮಾಡುವ ಚಿಕ್ಕಪ್ಪ ಚನ್ನಪಟ್ಟಣದಿಂದ ಕಳಿಸಿದ್ದ ಎರಡು ಗೋಣಿಚೀಲ, ಇನ್ನೂ ಬಿಚ್ಚಿರಲಿಲ್ಲ. ಬೊಂಬೆ ಹಬ್ಬದ ವ್ಯಾಪಾರವೆಂದರೆ ನಮಗೆ ವರ್ಷದ ವ್ಯಾಪಾರದ ಅರ್ಧ. ತಡೆಹಿಡಿದ ಹಣ 41,300 ರೂಪಾಯಿ, ಅದರಲ್ಲಿ ಚಿಕ್ಕಪ್ಪನಿಗೆ ಕೊಡಬೇಕಾದದ್ದೇ ಇಪ್ಪತ್ತೆರಡು ಸಾವಿರ.

ಆ ಖಾತೆ ಹತ್ತೊಂಬತ್ತು ದಿನದ ಮೇಲೆ ಮರಳಿ ಸಿಕ್ಕಿತು. ಪೂರ್ತಿ ಸಿಗಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ. ಇಂಥ ಸಂದೇಶ ಬಂದವರು ಆಮೇಲೆ ಹಲವರು ನನಗೆ ಫೋನ್ ಮಾಡಿದ್ದಾರೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಅಪೀಲಿನಲ್ಲಿ ಏನು ಬರೆದಿರಿ, ಒಂದು ಕಾಪಿ ಕಳಿಸಿ. ಕಾಪಿ ಕಳಿಸಿದರೆ ಅವರಿಗೆ ಉಪಯೋಗವಾಗುವುದಿಲ್ಲ ಎಂದು ಪ್ರತಿ ಸಲವೂ ವಿವರಿಸಬೇಕಾಯಿತು. ನಾನು ಕಳಿಸಿದ ಮೂರು ಅಪೀಲುಗಳಲ್ಲಿ ಮೊದಲ ಎರಡು ತಿರಸ್ಕಾರವಾಗಿದ್ದು ಭಾಷೆ ಸರಿಯಿಲ್ಲದ್ದಕ್ಕಲ್ಲ. ಏನಾಯಿತು ಎನ್ನುವುದು ಬರೆಯುವ ಹೊತ್ತಿಗೆ ನನಗೇ ಗೊತ್ತಿರಲಿಲ್ಲ.

ಮೊದಲ ರಾತ್ರಿಯ ಕಾಗದ

ಅವತ್ತು ರಾತ್ರಿಯೇ ಕೂತು ಎರಡು ಪುಟ ಬರೆದೆ. ಆರು ವರ್ಷದಿಂದ ವ್ಯಾಪಾರ ಮಾಡುತ್ತಿದ್ದೇನೆ, ಗಿರಾಕಿಗಳು ಒಳ್ಳೆಯ ಮಾತು ಬರೆದಿದ್ದಾರೆ, ಇದನ್ನು ನಂಬಿಕೊಂಡು ಒಂದು ಕುಶಲಕರ್ಮಿ ಕುಟುಂಬವಿದೆ, ಹಬ್ಬದ ಹೊತ್ತಿನಲ್ಲಿ ಹೀಗೆ ಮಾಡಿದರೆ ನಾವೇನು ಮಾಡಬೇಕು, ಯಾರೋ ಪೈಪೋಟಿಯವರು ಸುಳ್ಳು ದೂರು ಕೊಟ್ಟಿರಬೇಕು, ನಮ್ಮದು ಜಿಐ ಎಂಬ ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದ ಆಟಿಕೆ ಆದ್ದರಿಂದ ನಿಮ್ಮ ನಿಯಮ ನಮಗೆ ಅನ್ವಯಿಸುವುದಿಲ್ಲ. ಜೊತೆಗೆ ಚಿಕ್ಕಪ್ಪ ಕೈಯಲ್ಲಿ ಬರೆದುಕೊಟ್ಟ ಚೀಟಿಯ ಫೋಟೋ ಸೇರಿಸಿದೆ. ಮರುದಿನ ಮಧ್ಯಾಹ್ನಕ್ಕೆ ಉತ್ತರ ಬಂತು: ನೀವು ಕೊಟ್ಟ ಮಾಹಿತಿ ಸಾಕಾಗುವುದಿಲ್ಲ. ಸಿಟ್ಟಿನಲ್ಲಿ ಅದನ್ನೇ ಸ್ವಲ್ಪ ಖಾರವಾಗಿ ಬರೆದು ಮತ್ತೆ ಕಳಿಸಿದೆ. ಮತ್ತದೇ ಉತ್ತರ, ಅಕ್ಷರಕ್ಕೆ ಅಕ್ಷರ.

ನನ್ನಕ್ಕ ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಸ್ವೀಕರಿಸುವ ಮೇಜಿನಲ್ಲಿ ಹತ್ತು ವರ್ಷ ಕೂತವಳು. ಆ ವಾರ ಮನೆಗೆ ಬಂದಿದ್ದಳು. ಎರಡೂ ಕಾಗದ ಓದಿಸಿದೆ. ಕೊನೆಯವರೆಗೂ ಓದಿದಳು, ಅಕ್ಕ ಅಲ್ಲವೇ. ಆಮೇಲೆ ಕೇಳಿದಳು, "ಇದ್ರಲ್ಲಿ ಅವ್ರು ಕೇಳಿರೋದಕ್ಕೆ ಉತ್ತರ ಎಲ್ಲಿದೆ ಕಣೆ?" ಅವರು ಕೇಳಿದ್ದೇನು ಎಂದು ನಾನು ಫೋನ್ ತೆಗೆದು ಹುಡುಕಬೇಕಾಯಿತು. "ನನ್ನ ಮೇಜಿಗೆ ದಿನಾ ಅರವತ್ತು ಅರ್ಜಿ ಬರ್ತಾವೆ. ಕಷ್ಟ ಎಲ್ರಿಗೂ ಇರತ್ತೆ, ನನಗೆ ಅದು ಗೊತ್ತು. ಆದ್ರೆ ಖಾತೆ ಬದಲಾವಣೆ ಅರ್ಜೀಲಿ ವಂಶವೃಕ್ಷ ಇಲ್ಲ ಅಂದ್ರೆ ನಾನು ಏನು ಮಾಡ್ಲಿ? ಮನಸ್ಸಿದ್ರೂ ಮುಂದಕ್ಕೆ ಕಳಿಸೋಕೆ ಬರಲ್ಲ." ಆ ಮಾತು ನನಗೆ ನಾಟಿತು. ಆ ಕಡೆ ಕೂತು ನನ್ನ ಅಪೀಲು ಓದುವವರೂ ಹೀಗೇ ಯಾರೋ ಒಬ್ಬರು. ನನ್ನನ್ನು ನಂಬಬೇಕು ಎಂದು ಅವರಿಗೆ ಅನಿಸಿದರೂ, ಖಾತೆ ತೆರೆದದ್ದಕ್ಕೆ ಕಾರಣ ಎಂದು ಕಡತದಲ್ಲಿ ತೋರಿಸಲು ಒಂದು ಕಾಗದ ಬೇಕು. ನಾನು ಕೊಟ್ಟಿದ್ದು ಬರೀ ದುಃಖ.

ಅಕ್ಕ ನನ್ನಿಂದ ನೋಟಿಸನ್ನು ಗಟ್ಟಿಯಾಗಿ ಓದಿಸಿದಳು. ಅದರಲ್ಲಿ ಎರಡು ವಿಷಯವಿತ್ತು, ನಾನು ಒಂದನ್ನೇ ಓದಿಕೊಂಡಿದ್ದೆ. ಮೊದಲನೆಯದು, ಆಟಿಕೆಗಳಿಗೆ ಸುರಕ್ಷತೆಯ ದಾಖಲೆ ಇಲ್ಲ. ಎರಡನೆಯದು ಕೆಳಗೆ ಒಂದೇ ಸಾಲಿನಲ್ಲಿತ್ತು: ಒಂದು ನಿರ್ದಿಷ್ಟ ಉತ್ಪನ್ನ ವಿವರಣೆಗೆ ತಕ್ಕಂತಿಲ್ಲ ಎಂದು ಗ್ರಾಹಕರಿಂದ ದೂರುಗಳು ಬಂದಿವೆ. ಅದರ ಮುಂದೆ ಉತ್ಪನ್ನದ ಕೋಡ್. ಅದು ನಮ್ಮ ಬಣ್ಣದ ರಿಂಗುಗಳ ಸೆಟ್ಟು, ಒಂದರ ಮೇಲೊಂದು ಪೇರಿಸುವ ಮಕ್ಕಳ ಆಟಿಕೆ, ಬೆಲೆ 480 ರೂಪಾಯಿ.

ಲೆಕ್ಕ

ಅಮಾನತಾದ ಖಾತೆಯಲ್ಲೂ ವರದಿಗಳ ಪುಟ ನನಗೆ ತೆರೆಯುತ್ತಿತ್ತು. ಎಲ್ಲರಿಗೂ ಹಾಗೇ ಇರುತ್ತದೆ ಎಂದಿಲ್ಲ, ಎಷ್ಟು ದಿನ ಇರುತ್ತದೆ ಎಂದೂ ಹೇಳಲಾಗದು. ಅದಕ್ಕೇ ಯಾರು ಫೋನ್ ಮಾಡಿದರೂ ನಾನು ಮೊದಲು ಹೇಳುವುದು: ಒಂದಕ್ಷರ ಬರೆಯುವ ಮುಂಚೆ ಆರ್ಡರ್, ವಾಪಸಾತಿ, ಹಣ ಸಂದಾಯ, ತೆರಿಗೆ ಈ ನಾಲ್ಕರ ವರದಿಗಳನ್ನು ಇಳಿಸಿಕೊಳ್ಳಿ. ಕಟ್ಟಿಟ್ಟ ಪಾರ್ಸೆಲ್ ಕಳಿಸಬೇಕೋ ಬೇಡವೋ ಎನ್ನುವುದನ್ನು ನೋಟಿಸಿನಲ್ಲೇ ನೋಡಿ. ನನ್ನದರಲ್ಲಿ ಹಳೆಯ ಆರ್ಡರುಗಳನ್ನು ಪೂರೈಸಬೇಕು ಎಂದಿತ್ತು, ಹದಿನೇಳನ್ನೂ ಅವತ್ತೇ ಕಳಿಸಿದ್ದೆ. ಕಳಿಸದಿದ್ದರೆ ತಡ ಮಾಡಿದ ದೂರು ಹದಿನೇಳು ಸೇರಿಕೊಳ್ಳುತ್ತಿತ್ತು. ಜಿಎಸ್‌ಟಿ ನೋಂದಣಿ ಇರುವವರು ಇನ್ನೊಂದನ್ನೂ ನೆನಪಿಡಬೇಕು. ವ್ಯಾಪಾರ ನಿಂತಿದೆ ಎಂದು ರಿಟರ್ನ್ ನಿಲ್ಲಿಸುವ ಹಾಗಿಲ್ಲ. ಏನೂ ಮಾರದ ಅವಧಿಗೂ ಸೊನ್ನೆ ರಿಟರ್ನ್ ಹಾಕಲೇಬೇಕು, ಇಲ್ಲದಿದ್ದರೆ ತಡವಾದ ಶುಲ್ಕ ಏರುತ್ತದೆ.

ತೊಂಬತ್ತು ದಿನದ ವರದಿ ಇಟ್ಟುಕೊಂಡು ನಾನೂ ಅಕ್ಕನೂ ಊಟದ ಮೇಜಿನ ಮೇಲೆ ಕೂತೆವು. ಒಟ್ಟು 212 ಆರ್ಡರ್, ವಾಪಸು ಬಂದದ್ದು 9. ಇಷ್ಟು ದಿನ ಒಂಬತ್ತು ಎಂದರೆ ಕಡಿಮೆ ಎಂದು ಸಮಾಧಾನವಾಗಿದ್ದೆ. ಉತ್ಪನ್ನವಾರು ಬಿಡಿಸಿದಾಗ ಒಂಬತ್ತರಲ್ಲಿ ಆರು ಅದೇ ರಿಂಗಿನ ಸೆಟ್ಟು. ಉಳಿದ ಮೂರರಲ್ಲಿ ಒಂದು ಕೊರಿಯರ್‌ನಲ್ಲಿ ಮುರಿದದ್ದು, ಒಂದು ನಾನೇ ಬೇರೆ ಬಣ್ಣ ಕಳಿಸಿದ್ದು, ಒಂದು ಕೊಂಡವರಿಗೆ ಬೇಡವಾದದ್ದು. ಆರು ಸೆಟ್ಟಿನ ಕಾರಣಗಳನ್ನು ಒಂದರ ಕೆಳಗೊಂದು ಬರೆದೆವು. ಎಲ್ಲವೂ ಬಣ್ಣದ ವಿಷಯವೇ. ಆದರೆ ನಿಧಾನವಾಗಿ ಓದಿದರೆ ಎರಡು ಬಗೆ. ನಾಲ್ಕು ಜನ "ಬಣ್ಣ ಚಕ್ಕೆ ಎದ್ದಿದೆ, ಮಗು ಬಾಯಿಗೆ ಹಾಕಿಕೊಂಡಿತು" ಎಂದು ಬರೆದಿದ್ದರು. ಇಬ್ಬರು "ಒರೆಸಿದರೆ ಬಟ್ಟೆಗೆ ಬಣ್ಣ ಅಂಟುತ್ತದೆ" ಎಂದಿದ್ದರು. ಆ "ಮಗು ಬಾಯಿಗೆ ಹಾಕಿಕೊಂಡಿತು" ಎನ್ನುವ ಮಾತು ಎರಡು ತಿಂಗಳಿನಿಂದ ನನ್ನ ಖಾತೆಯಲ್ಲೇ ಇತ್ತು. ಹಣ ವಾಪಸು ಕೊಟ್ಟು ಮುಂದೆ ಹೋಗಿದ್ದೆ, ಓದಿರಲಿಲ್ಲ. ಈಗಲೂ ನನ್ನನ್ನು ಕಾಡುವುದು ಅಮಾನತಲ್ಲ, ಇದು.

ಮರುದಿನ ವಾಪಸು ಬಂದ ಸೆಟ್ಟುಗಳನ್ನೂ ಮನೆಯಲ್ಲಿ ಉಳಿದ ಸರಕನ್ನೂ ಚೀಲಕ್ಕೆ ತುಂಬಿಕೊಂಡು ಮೈಸೂರಿನಿಂದ ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋದೆ.

ಸ್ಪಿರಿಟ್ಟು, ಹತ್ತಿ

ಚಿಕ್ಕಪ್ಪ ಲೇತಿನ ಮುಂದೆ ಕೂತಿದ್ದರು. ತಿರುಗುತ್ತಿರುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯ ತುಂಡಿನಿಂದ ಒತ್ತಿ ಉಜ್ಜಿದರೆ ಹೊಳಪು. ಕುಂಚ, ಡಬ್ಬಿ ಯಾವುದೂ ಅಲ್ಲಿಲ್ಲ. ಚೀಲ ಸುರಿದೆ. ಅವರು ಮಾತಾಡದೆ ಒಂದೊಂದೇ ರಿಂಗು ಎತ್ತಿ ತೂತಿನೊಳಗೆ ನೋಡಿ ಎರಡು ರಾಶಿ ಮಾಡತೊಡಗಿದರು. ಒಂದು ರಾಶಿಯವುಗಳ ತೂತಿನ ಒಳಗೂ ಬಣ್ಣ ಇಳಿದು ಒಣಗಿತ್ತು. ಲೇತಿನಲ್ಲಿ ಅರಗು ಹಚ್ಚಿದರೆ ಒಳಗೆ ಹಾಗೆ ಬಣ್ಣ ಸೋರುವುದಿಲ್ಲ, ಅದು ಅದ್ದಿ ತೆಗೆದ ಬಣ್ಣ. ಆಮೇಲೆ ಒಳಗಿನಿಂದ ಸ್ಪಿರಿಟ್ಟಿನ ಶೀಶೆ ತಂದರು. ಹತ್ತಿಯಲ್ಲಿ ಅದ್ದಿ ತಮ್ಮ ರಿಂಗಿಗೆ ಉಜ್ಜಿದರು, ಹತ್ತಿ ಕೆಂಪಾಯಿತು, ರಿಂಗಿನ ಮೇಲ್ಮೈ ಅಂಟಂಟಾಯಿತು. ಇನ್ನೊಂದು ರಾಶಿಯದಕ್ಕೆ ಉಜ್ಜಿದರು, ಹತ್ತಿ ಬಿಳಿಯಾಗೇ ಉಳಿಯಿತು. "ಅರಗು ಸ್ಪಿರಿಟ್ಟಿಗೆ ಕರಗ್ತದೆ ಕಣಮ್ಮ. ಇದು ಕರಗ್ಲಿಲ್ಲ ಅಂದ್ರೆ ಅರಗಲ್ಲ, ಪೇಂಟು. ಇದು ನನ್ನ ಕೈದಲ್ಲ. ಎಲ್ಲಿಂದ ತಂದೆ?"

ತಂದದ್ದು ನಾನೇ. ಜೂನಿನಲ್ಲಿ ಚಿಕ್ಕಪ್ಪನಿಗೆ ಕೈ ನೋವಾಗಿ ಮೂರು ವಾರ ಕೆಲಸ ನಿಂತಿತ್ತು. ಆರ್ಡರ್ ತಪ್ಪಬಾರದೆಂದು ಒಬ್ಬ ವರ್ತಕರಿಂದ ನಲವತ್ತು ಸೆಟ್ಟು ಕೊಂಡಿದ್ದೆ. ಚನ್ನಪಟ್ಟಣದ್ದೇ ಎಂದು ಕೇಳಿ ತಿಳಿದುಕೊಂಡಿದ್ದೆ, ಪರೀಕ್ಷೆ ಮಾಡಿರಲಿಲ್ಲ. ಚಿಕ್ಕಪ್ಪನ ಸರಕಿನ ಡಬ್ಬದಲ್ಲೇ ಅವನ್ನೂ ಹಾಕಿದ್ದೆ. ಎಣಿಸಿದರೆ ಪೇಂಟಿನವು ಇಪ್ಪತ್ಮೂರು ಉಳಿದಿದ್ದವು. ಅಂದರೆ ಹದಿನೇಳು ಮನೆಗಳಿಗೆ ಹೋಗಿವೆ. ಚಕ್ಕೆ ಎದ್ದಿದೆ ಎಂದು ವಾಪಸು ಬಂದ ನಾಲ್ಕೂ ಆ ಹದಿನೇಳರಲ್ಲಿ ಸೇರಿದ್ದವು.

ಹಾಗಾದರೆ ಬಟ್ಟೆಗೆ ಬಣ್ಣ ಅಂಟಿದ ಎರಡು? ಅವು ಚಿಕ್ಕಪ್ಪನವೇ. ಒಬ್ಬ ಗಿರಾಕಿಯ ದೂರನ್ನು ಅವರಿಗೆ ಓದಿ ಹೇಳಿದೆ, ಅದರಲ್ಲಿ "ಸ್ಯಾನಿಟೈಸರ್ ಹಾಕಿ ಒರೆಸಿದಾಗ" ಎಂದಿತ್ತು. ಚಿಕ್ಕಪ್ಪ ಸ್ಪಿರಿಟ್ಟಿನ ಶೀಶೆ ತೋರಿಸಿದರು. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲೂ ಇರುವುದು ಆಲ್ಕೋಹಾಲು. ಅದರಿಂದ ಒರೆಸಿದರೆ ಅಸಲಿ ಅರಗಿನ ಆಟಿಕೆಯ ಬಣ್ಣ ಬಿಟ್ಟೇ ಬಿಡುತ್ತದೆ. ತಪ್ಪು ಗಿರಾಕಿಯದೂ ಅಲ್ಲ, ಚಿಕ್ಕಪ್ಪನದೂ ಅಲ್ಲ. ಒಣ ಬಟ್ಟೆಯಲ್ಲಿ ಒರೆಸಿ, ಸ್ಯಾನಿಟೈಸರ್ ಬೇಡ ಎಂದು ನಾನು ವಿವರಣೆಯಲ್ಲಿ ಬರೆಯಬೇಕಿತ್ತು. ಒಂದೇ ಥರ ಕಾಣುತ್ತಿದ್ದ ದೂರುಗಳಿಗೆ ಎರಡು ಬೇರೆ ಕಾರಣ. ಪರಿಹಾರವೂ ಬೇರೆ. ಒಂದಕ್ಕೆ ಸರಕು ತೆಗೆಯಬೇಕು, ಇನ್ನೊಂದಕ್ಕೆ ಒಂದು ವಾಕ್ಯ ಸೇರಿಸಬೇಕು.

ಜಿಐ ಎಂದರೆ ವಿನಾಯಿತಿ ಎಂದುಕೊಂಡಿದ್ದೆ

ನೋಟಿಸಿನ ಮೊದಲ ಅಂಶಕ್ಕೆ ಬರುತ್ತೇನೆ. ಆಟಿಕೆ ಮಾರುವ ನಮ್ಮವರಲ್ಲಿ ಅನೇಕರು ಇದರಲ್ಲಿ ನನ್ನಂತೆಯೇ ಎಡವುತ್ತಿದ್ದಾರೆ. ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ 2020ರಲ್ಲಿ ಬಂತು, 2021ರ ಜನವರಿ 1ರಿಂದ ಜಾರಿಯಲ್ಲಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ ವಸ್ತುವಿಗೆ ಬಿಐಎಸ್ ಎಂಬ ಸರ್ಕಾರಿ ಮಾನಕ ಸಂಸ್ಥೆಯ ಪರವಾನಗಿ ಇರುವ ಐಎಸ್‌ಐ ಗುರುತು ಬೇಕು. ಇದರಿಂದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೆ ವಿನಾಯಿತಿ ಕೊಟ್ಟಿದ್ದಾರೆ. ಜಿಐ ನೋಂದಣಿಯ ಒಡೆತನ ಇರುವವರಿಗೂ, ಆ ಗುರುತು ಬಳಸಲು ಹೆಸರು ನೋಂದಾಯಿಸಿಕೊಂಡ ಅಧಿಕೃತ ಬಳಕೆದಾರರಿಗೂ ಕೊಟ್ಟಿದ್ದಾರೆ.

ನಾನು ಇದನ್ನು "ಚನ್ನಪಟ್ಟಣದ ಆಟಿಕೆಗೆ ವಿನಾಯಿತಿ" ಎಂದು ಓದಿಕೊಂಡಿದ್ದೆ. ಮತ್ತೆ ಓದಿದಾಗ ಗೊತ್ತಾಯಿತು, ವಿನಾಯಿತಿ ಆಟಿಕೆಗೆ ಅಂಟಿಕೊಂಡು ಬರುವುದಿಲ್ಲ, ಅದನ್ನು ಮಾಡುವ ಮತ್ತು ಮಾರುವ ವ್ಯಕ್ತಿಗೆ ಅಂಟಿಕೊಂಡು ಬರುತ್ತದೆ. ಕುಶಲಕರ್ಮಿಯ ಗುರುತಿನ ಚೀಟಿ ಇರುವುದು ಚಿಕ್ಕಪ್ಪನ ಹೆಸರಿನಲ್ಲಿ. ಮಾರಾಟದ ಖಾತೆ ಇರುವುದು ನನ್ನ ಹೆಸರಿನಲ್ಲಿ. ನಾನು ಕುಶಲಕರ್ಮಿಯಲ್ಲ, ಅಧಿಕೃತ ಬಳಕೆದಾರಳೂ ಅಲ್ಲ. ವರ್ತಕರಿಂದ ತಂದ ನಲವತ್ತು ಸೆಟ್ಟಿನ ಮಾತಂತೂ ಬಿಡಿ, ಅದಕ್ಕೆ ಯಾವ ಕಾಗದವೂ ಇಲ್ಲ. "ನಿಮ್ಮ ನಿಯಮ ನಮಗೆ ಅನ್ವಯಿಸುವುದಿಲ್ಲ" ಎಂದು ಎರಡು ಸಲ ಬರೆದವಳಿಗೆ ಅದು ಪೂರ್ತಿ ಅನ್ವಯಿಸುತ್ತಿತ್ತು.

ಚಿಕ್ಕಪ್ಪನ ಗುರುತಿನ ಚೀಟಿ ದೇವರ ಫೋಟೋದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿತ್ತು. ತೆಗೆದರೆ ಇನ್ನೊಂದು ತೊಡಕು. ಅದರಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದೆ, ಆಧಾರಿನಲ್ಲಿ ಇನಿಷಿಯಲ್ ಇಲ್ಲ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಾತನ ಹೆಸರು ಪೂರ್ತಿ ಸೇರಿದೆ. ನಮಗೆ ಮೂವರೂ ಒಬ್ಬರೇ. ದೂರದಲ್ಲಿ ಕೂತು ಮೂರು ಪಿಡಿಎಫ್ ತೆರೆದು ಹೋಲಿಸುವವರಿಗೆ ಮೂವರು ಬೇರೆ ಬೇರೆ ಮನುಷ್ಯರು. ನಮ್ಮ ಕಡೆಯ ಹೆಸರುಗಳು ಇಂಗ್ಲಿಷಿಗೆ ಹೋಗುವಾಗ ಒಂದೊಂದು ಕಚೇರಿಯಲ್ಲಿ ಒಂದೊಂದು ರೂಪ ತಾಳುತ್ತವೆ. ಎಷ್ಟೋ ಅಪೀಲುಗಳು ಬೇರೆ ಯಾವ ತಪ್ಪೂ ಇಲ್ಲದೆ ಇದೊಂದಕ್ಕೇ ಬಿದ್ದುಹೋಗುವುದನ್ನು ಆಮೇಲೆ ಕಂಡಿದ್ದೇನೆ. ಬ್ಯಾಂಕಿನಲ್ಲಿ ಅರ್ಜಿ ಕೊಟ್ಟು ಪಾಸ್‌ಬುಕ್ಕಿನ ಹೆಸರನ್ನು ಆಧಾರಿನಂತೆ ಮಾಡಿಸಿದೆವು, ಅದಕ್ಕೆ ನಾಲ್ಕು ದಿನ ಹಿಡಿಯಿತು. ಇನಿಷಿಯಲ್ಲಿನ ವ್ಯತ್ಯಾಸಕ್ಕೆ ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದೆವು.

ಆ ನಾಲ್ಕು ದಿನ ಮನೆಯಲ್ಲಿ ಒತ್ತಡವಿತ್ತು. ನಮ್ಮನೆಯವರಿಗೆ ಪರಿಚಯದ ಒಬ್ಬರು ಸಲಹೆ ಕೊಟ್ಟರು, ನಿಮ್ಮ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಹಬ್ಬದ ಸರಕು ಮಾರಿಬಿಡಿ ಎಂದು. ವಾಟ್ಸಾಪಿನಲ್ಲಿ ಇನ್ನೊಬ್ಬರು ಎಂಟು ಸಾವಿರ ಕೊಟ್ಟರೆ ಮೂರು ದಿನದಲ್ಲಿ ಖಾತೆ ಬಿಡಿಸಿಕೊಡುತ್ತೇವೆ, ಪಾಸ್‌ವರ್ಡ್ ಕಳಿಸಿ ಎಂದರು. ಎರಡನ್ನೂ ಮಾಡಲಿಲ್ಲ. ಹೊಸ ಖಾತೆಗೂ ಅದೇ ಮನೆಯ ವಿಳಾಸ, ಅದೇ ಲ್ಯಾಪ್‌ಟಾಪ್, ಅದೇ ಪಿಕಪ್ ಜಾಗ. ಅಮಾನತಾದ ಖಾತೆಗೂ ಹೊಸದಕ್ಕೂ ನಂಟಿದೆ ಎಂದು ಕಂಡುಹಿಡಿಯಲು ಇಷ್ಟೇ ಸಾಕು. ಆಗ ಮೊದಲಿನ ತಪ್ಪು ಸರಕಿನದಾಗಿದ್ದರೆ ಎರಡನೆಯದು ಮೋಸದ್ದಾಗುತ್ತದೆ, ಅದಕ್ಕೆ ಅಪೀಲು ಬರೆಯುವುದು ತುಂಬಾ ಕಷ್ಟ. ಪಾಸ್‌ವರ್ಡ್ ಕೇಳುವವರ ವಿಷಯ ಹೇಳಬೇಕಾಗಿಲ್ಲ, ಖಾತೆಯ ಜೊತೆಗೆ ಬ್ಯಾಂಕ್ ವಿವರವೂ ಅವರ ಕೈಗೆ ಹೋಗುತ್ತದೆ.

ಮೂರನೆಯ ಕಾಗದ

ಹದಿಮೂರನೆಯ ದಿನ ಮೂರನೆಯ ಅಪೀಲು ಕಳಿಸಿದೆ. ಇಂಗ್ಲಿಷಿನಲ್ಲಿ ಬರೆದದ್ದು, ಒಂದು ಪುಟವೂ ತುಂಬಲಿಲ್ಲ. ಅದರ ತಿರುಳನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ, ನಕಲು ಮಾಡಲಿ ಎಂದಲ್ಲ, ಯಾವ ಮಾತು ಎಲ್ಲಿಂದ ಬಂತು ಎಂದು ಕಾಣಲಿ ಎಂದು.

"ನಿಮ್ಮ ನೋಟಿಸಿನಲ್ಲಿ ಎರಡು ಅಂಶಗಳಿವೆ. ಎರಡಕ್ಕೂ ಉತ್ತರಿಸುತ್ತಿದ್ದೇನೆ. ನನ್ನ ಹಿಂದಿನ ಎರಡು ಅಪೀಲುಗಳಲ್ಲಿ ನಿಯಮ ನನಗೆ ಅನ್ವಯಿಸುವುದಿಲ್ಲ ಎಂದು ಬರೆದಿದ್ದೆ, ಅದು ತಪ್ಪು.

ಕಾರಣ: ಜೂನ್ 28ರಂದು ಒಬ್ಬ ವರ್ತಕರಿಂದ 40 ರಿಂಗ್ ಸೆಟ್ಟು ಖರೀದಿಸಿ, ಪರೀಕ್ಷಿಸದೆ, ಅರಗಿನ ಬಣ್ಣದ್ದು ಎಂಬ ವಿವರಣೆಯಡಿ ಮಾರಿದೆ. ಅವು ಪೇಂಟ್ ಬಳಿದವು. ಎರಡು ಮೂಲದ ಸರಕನ್ನು ಒಂದೇ ಡಬ್ಬದಲ್ಲಿ ಇಟ್ಟದ್ದರಿಂದ ಯಾವುದು ಯಾರಿಗೆ ಹೋಯಿತೆಂದು ದಾಖಲೆಯಿಲ್ಲ. ಕುಶಲಕರ್ಮಿಯ ವಿನಾಯಿತಿ ನನ್ನ ಹೆಸರಿನ ಖಾತೆಗೆ ಸಲ್ಲುವುದಿಲ್ಲ ಎಂಬುದನ್ನೂ ತಿಳಿದಿರಲಿಲ್ಲ.

ಈಗಾಗಲೇ ಮಾಡಿರುವುದು: ಉಳಿದ 23 ಸೆಟ್ಟನ್ನು ಮಾರಾಟದಿಂದ ತೆಗೆದು ಬೇರೆ ಇಟ್ಟಿದ್ದೇನೆ, ಫೋಟೋ ಲಗತ್ತಿಸಿದೆ. ಜೂನ್ 28ರ ನಂತರ ಈ ಸೆಟ್ಟು ಕೊಂಡ 31 ಜನರಲ್ಲಿ 6 ಜನರಿಗೆ ಮೊದಲೇ ಹಣ ಮರಳಿದೆ. ಉಳಿದ 25 ಜನರಿಗೂ ಪೂರ್ತಿ ಹಣ ಮರಳಿಸಲು ಒಪ್ಪಿದ್ದೇನೆ, ಆಟಿಕೆಯನ್ನು ಮಗುವಿನಿಂದ ದೂರವಿಡುವಂತೆ ಅವರಿಗೆ ತಿಳಿಸಲು ನಿಮ್ಮ ಮೂಲಕ ಸಂದೇಶ ಕಳಿಸಬೇಕೆಂದು ಕೋರುತ್ತೇನೆ. ಎಲ್ಲ ಆಟಿಕೆಗಳ ಪಟ್ಟಿಯನ್ನು ನಾನೇ ಮುಚ್ಚಿದ್ದೇನೆ.

ಮುಂದೆ: ಐಎಸ್‌ಐ ಗುರುತು ಅಥವಾ ವಿನಾಯಿತಿಯ ದಾಖಲೆ ಖಾತೆದಾರರ ಹೆಸರಿನಲ್ಲೇ ಇಲ್ಲದೆ ಈ ಖಾತೆಯಲ್ಲಿ ಆಟಿಕೆ ಮಾರುವುದಿಲ್ಲ. ಪ್ರತಿ ಚೀಲಕ್ಕೂ ಬ್ಯಾಚ್ ಸಂಖ್ಯೆ ಹಾಕಿ ಅದನ್ನು ಆರ್ಡರಿನ ಜೊತೆ ಬರೆಯುತ್ತೇನೆ. ಪ್ರತಿ ಬ್ಯಾಚಿನಿಂದ ಎರಡು ವಸ್ತುಗಳನ್ನು ಸ್ಪಿರಿಟ್ಟಿನಿಂದ ಪರೀಕ್ಷಿಸುತ್ತೇನೆ. ಪ್ರತಿ ಸೋಮವಾರ ವಾಪಸಾತಿಯ ಕಾರಣಗಳನ್ನು ಓದಿ, ಒಂದೇ ವಸ್ತುವಿಗೆ ಎರಡನೆಯ ದೂರು ಬಂದ ಕೂಡಲೇ ಮಾರಾಟ ನಿಲ್ಲಿಸುತ್ತೇನೆ."

ಇದರಲ್ಲಿ 25 ಜನರಿಗೆ ಹಣ ಮರಳಿಸುವ ಮಾತಿಗೆ ಮನೆಯಲ್ಲಿ ವಾದವಾಯಿತು. 25ನ್ನು 480ರಿಂದ ಗುಣಿಸಿದರೆ 12,000 ರೂಪಾಯಿ. ಪೇಂಟಿನದು ಹೋಗಿದ್ದು ಅವರಲ್ಲಿ ಹದಿಮೂರು ಜನಕ್ಕೆ ಮಾತ್ರ, ಉಳಿದ ಹನ್ನೆರಡು ಜನರ ಮನೆಯಲ್ಲಿರುವುದು ಚಿಕ್ಕಪ್ಪನ ಒಳ್ಳೆಯ ಆಟಿಕೆ. ಆದರೆ ಆ ಹದಿಮೂರು ಯಾರು ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಕಾರಣ ನಾನೇ. ಒಂದು ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದರೆ ಉಳಿಯುತ್ತಿದ್ದ ಹಣ 5,760 ರೂಪಾಯಿ. ಬ್ಯಾಚ್ ಸಂಖ್ಯೆ ಬರೆಯುವುದು ಏಕೆ ಎಂದು ಯಾರಾದರೂ ಕೇಳಿದರೆ ನಾನು ಈ ಲೆಕ್ಕ ಹೇಳುತ್ತೇನೆ.

ಬರೆಯುವಾಗ ಅಕ್ಕ ಎರಡು ವಿಷಯದಲ್ಲಿ ಬಿಡಲಿಲ್ಲ. "ಇನ್ನು ಮೇಲೆ ಎಚ್ಚರಿಕೆಯಿಂದ ಇರುತ್ತೇವೆ" ಎಂದು ನಾನು ಬರೆದಿದ್ದನ್ನು ಹೊಡೆದುಹಾಕಿದಳು. ಎಚ್ಚರಿಕೆ ಎಂದರೆ ಯಾವ ದಿನ, ಯಾರು, ಏನು ಮಾಡುವುದು ಎಂದು ಕೇಳಿದಳು. ಸೋಮವಾರ, ಎರಡು ವಸ್ತು, ಎರಡನೆಯ ದೂರು ಎಂಬ ಮಾತುಗಳು ಹಾಗೆ ಬಂದವು. ಮಾಡಿದ್ದನ್ನು ಮಾತ್ರ "ಮಾಡಿದ್ದೇನೆ" ಎಂದು ಬರೆಯಬೇಕು ಎಂದೂ ಹಠ ಹಿಡಿದಳು. ಆಟಿಕೆಗಳ ಪಟ್ಟಿ ಮುಚ್ಚಿದ್ದೇನೆ ಎಂದು ಬರೆದಾಗ ಇನ್ನೂ ಮೂರು ತೆರೆದೇ ಇದ್ದವು. ಮೊದಲು ಅವನ್ನು ಮುಚ್ಚಿ, ಆಮೇಲೆ ಕಾಗದ ಕಳಿಸಿದೆವು. ನೋಡುವವರು ಒಂದು ಕ್ಲಿಕ್ಕಿನಲ್ಲಿ ನೋಡಿಬಿಡುತ್ತಾರೆ.

ಲಗತ್ತುಗಳನ್ನು ಕಾಗದದಲ್ಲಿ ಹೇಳಿದ ಕ್ರಮದಲ್ಲೇ ಸಂಖ್ಯೆ ಹಾಕಿ ಇಟ್ಟೆವು. ಚಿಕ್ಕಪ್ಪನ ಕೈಬರಹದ ಚೀಟಿಯ ಬದಲು ಅವರಿಂದ ಸರಿಯಾದ ಬಿಲ್ಲು ಮಾಡಿಸಿದ್ದೆ. ಅವರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಆದ್ದರಿಂದ ತೆರಿಗೆ ಇನ್‌ವಾಯ್ಸ್ ಕೊಡಲು ಬರುವುದಿಲ್ಲ. ಹೆಸರು, ವಿಳಾಸ, ಫೋನ್, ಕುಶಲಕರ್ಮಿ ಚೀಟಿಯ ಸಂಖ್ಯೆ, ದಿನಾಂಕ, ವಸ್ತು, ಎಷ್ಟು, ದರ, ಇಷ್ಟಿರುವ ಸಾದಾ ಬಿಲ್ಲು. ಹಿಂದಿನ ಖರೀದಿಗಳಿಗೆ ಹಳೆಯ ದಿನಾಂಕ ಹಾಕಿ ಬಿಲ್ಲು ಬರೆಸಿಕೊಳ್ಳಿ ಎಂದವರೂ ಇದ್ದರು. ಅದು ಸುಳ್ಳು ದಾಖಲೆ, ಹಾಗೆ ಮಾಡಬೇಡಿ. ಹಳೆಯದಕ್ಕೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅವರಿಗೆ ಹಣ ಹೋದ ಸಾಲುಗಳಿಗೆ ಗುರುತು ಹಾಕಿ, ಆ ದಿನಗಳ ಮೂಲ ಚೀಟಿಗಳನ್ನೇ ಪಕ್ಕದಲ್ಲಿಟ್ಟೆ. ಪ್ರತಿ ಕಾಗದವನ್ನೂ ನಾಲ್ಕೂ ಅಂಚು ಕಾಣುವಂತೆ ಸ್ಕ್ಯಾನ್ ಮಾಡಿದೆ. ಮೊದಲ ಸಲ ಕಳಿಸಿದ ಫೋಟೋದಲ್ಲಿ ದಿನಾಂಕದ ಮೇಲೆ ನನ್ನ ಹೆಬ್ಬೆರಳಿನ ನೆರಳು ಬಿದ್ದಿತ್ತು.

ಕಳಿಸಿದ ಮೇಲೆ ಸುಮ್ಮನಿರುವುದೇ ಕಷ್ಟದ ಕೆಲಸ. ದಿನಕ್ಕೊಂದು ಕಾಗದ ಕಳಿಸಿದರೆ ಒಂದಕ್ಕೊಂದು ಹೊಂದದ ಮಾತುಗಳು ಕಡತದಲ್ಲಿ ಸೇರುತ್ತವೆ, ಓದುವವರಿಗೆ ಯಾವುದು ಕೊನೆಯ ಮಾತು ಎಂದು ತಿಳಿಯುವುದಿಲ್ಲ. ಉತ್ತರ ಬಾರದಿದ್ದರೆ ಕುಂದುಕೊರತೆ ಅಧಿಕಾರಿಗೆ ಬರೆಯಲು ಇನ್ನೊಂದು ಪತ್ರ ಸಿದ್ಧ ಮಾಡಿಟ್ಟಿದ್ದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ಮಾರುಕಟ್ಟೆಗಳು ಆ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು. ಆದರೆ 48 ಗಂಟೆಯಲ್ಲಿ ಸ್ವೀಕೃತಿ, ಒಂದು ತಿಂಗಳಲ್ಲಿ ಪರಿಹಾರ ಎಂದು ಅದರಲ್ಲಿರುವ ಗಡುವು ಗ್ರಾಹಕರ ದೂರಿಗೆ. ಮಾರುವವರು ಅದನ್ನು ತೋರಿಸಿ ಹಕ್ಕು ಕೇಳಲು ಹೋದರೆ ನಿಲ್ಲುವುದಿಲ್ಲ. ಆ ಪತ್ರ ಕಳಿಸುವ ಪ್ರಸಂಗ ಬರಲಿಲ್ಲ.

ಮರಳಿ ಸಿಕ್ಕಿದ್ದು

ಆರು ದಿನದ ಮೇಲೆ ಖಾತೆ ತೆರೆಯಿತು, ಆಟಿಕೆ ವಿಭಾಗ ಬಿಟ್ಟು. ಕುಂಕುಮದ ಭರಣಿ, ಪೆನ್ ಸ್ಟ್ಯಾಂಡು, ಬಳೆ ಸ್ಟ್ಯಾಂಡು, ಕೀಲಿ ಗೊಂಚಲು ಮಾರಬಹುದು, ಮಕ್ಕಳ ಆಟದ ವಸ್ತು ಮಾರುವಂತಿಲ್ಲ. ತಡೆಹಿಡಿದ ಹಣ ವಾಪಸಾತಿಯ 12,000 ಕಳೆದು ಮುಂದಿನ ತಿಂಗಳು ಬಂತು. ದಸರಾ ಅಷ್ಟು ಹೊತ್ತಿಗೆ ಕೈಜಾರುತ್ತಿತ್ತು. ಚಿಕ್ಕಪ್ಪನ ಎರಡು ಗೋಣಿಚೀಲದಲ್ಲಿ ಒಂದರಷ್ಟು ಸರಕನ್ನು ಪರಿಚಯದವರ ಬೊಂಬೆ ಹಬ್ಬಕ್ಕೆ ಕೈಯಿಂದ ಕೈಗೆ ಮಾರಿದೆವು, ಇನ್ನೊಂದು ಸಂಕ್ರಾಂತಿಯವರೆಗೂ ಅಟ್ಟದ ಮೇಲಿತ್ತು.

ಆಟಿಕೆಗೆ ದಾರಿ ಚಿಕ್ಕಪ್ಪನ ಹೆಸರಿನ ಖಾತೆಯೇ ಎಂದು ಸ್ಪಷ್ಟವಾಗಿತ್ತು. ಅವರೇ ಮಾಡುವವರು, ಅವರೇ ಮಾರುವವರು, ಚೀಟಿಯೂ ಅವರದ್ದು. ಆದರೆ ನನ್ನ ಖಾತೆಯ ಕಥೆ ಇರುವುದರಿಂದ ನೇರ ತೆರೆಯಲಿಲ್ಲ. ಮೊದಲು ನನ್ನ ಖಾತೆಯಿಂದಲೇ ಬರೆದು ಕೇಳಿದೆ: ಇವರು ನನಗೆ ಸರಕು ಕೊಡುವ ಕುಶಲಕರ್ಮಿ, ಸಂಬಂಧದಲ್ಲಿ ಚಿಕ್ಕಪ್ಪ, ಅವರ ಹೆಸರಿನಲ್ಲಿ ಅವರ ಊರಿನ ವಿಳಾಸ, ಅವರ ಬ್ಯಾಂಕು, ಅವರ ಫೋನಿನಿಂದ ಪ್ರತ್ಯೇಕ ಖಾತೆ ತೆರೆಯಬಹುದೇ? ಒಪ್ಪಿಗೆ ಬರಲು ಎರಡು ವಾರವಾಯಿತು. ಆ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಂಡಿದ್ದೇನೆ. ಅಧಿಕೃತ ಬಳಕೆದಾರರಾಗಿ ನೋಂದಣಿಗೆ ಚೆನ್ನೈನಲ್ಲಿರುವ ಜಿಐ ನೋಂದಣಿ ಕಚೇರಿಗೂ ಚಿಕ್ಕಪ್ಪನ ಹೆಸರಿನಲ್ಲಿ ಅರ್ಜಿ ಹೋಗಿದೆ.

ಚಿಕ್ಕಪ್ಪನ ಖಾತೆಯನ್ನು ನೋಡಿಕೊಳ್ಳುವುದು ಅವರ ಮಗಳು, ಪಿಯುಸಿ ಓದುತ್ತಿದ್ದಾಳೆ. ಲೇತಿನ ಪಕ್ಕದ ಗೋಡೆಗೆ ಒಂದು ರಿಜಿಸ್ಟರ್ ನೇತುಹಾಕಿದ್ದಾಳೆ. ಬ್ಯಾಚ್ ಸಂಖ್ಯೆ, ದಿನಾಂಕ, ಎಷ್ಟು ವಸ್ತು, ಸ್ಪಿರಿಟ್ಟು ನೋಡಿದ್ದಕ್ಕೆ ಒಂದು ಟಿಕ್ಕು. ಹೋದ ತಿಂಗಳು ಹೋದಾಗ ನೋಡಿದೆ, ಟಿಕ್ಕಿನ ಪಕ್ಕದಲ್ಲಿ ಚಿಕ್ಕಪ್ಪ ತಮ್ಮ ಕೈಯಿಂದಲೇ ರುಜು ಹಾಕಿದ್ದರು, ಆಧಾರಿನಲ್ಲಿ ಇರುವ ಹಾಗೆಯೇ, ಇನಿಷಿಯಲ್ ಇಲ್ಲದೆ.